ಮುಂದಿನ ತಿಂಗಳು 1ರಿಂದ ನಮ್ಮ ಫ್ಯಾಕ್ಟರಿಯ ಶಿಫ್ಟ್ ಟೈಮ್ ಬದಲಾಗುತ್ತಿದೆ. ಎಲ್ಲರಿಗೂ ತಿಳಿಸಲು ವಾಟ್ಸಾಪ್ ಮೆಸೇಜ್ ಸಾಕಾ, ಇಮೇಲ್ ಬೇಕಾ?

ವಾಟ್ಸಾಪೋ ಇಮೇಲೋ ಅನ್ನೋದು ಆಮೇಲೆ. ಮೊದಲು ಆ "1ರಿಂದ" ಅನ್ನೋದನ್ನು ತೆಗೆಯಿರಿ.

ನಾನು ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಟೈಮ್ ಆಫೀಸ್ ನೋಡಿಕೊಳ್ಳುತ್ತಿದ್ದೆ. ಮೂರು ಪಾಳಿ: ಬೆಳಗ್ಗೆ 6ರಿಂದ 2, 2ರಿಂದ ರಾತ್ರಿ 10, 10ರಿಂದ ಬೆಳಗ್ಗೆ 6. ಎಲ್ಲವನ್ನೂ ಒಂದು ಗಂಟೆ ಮುಂದೆ ಹಾಕಬೇಕು ಅಂತಾಯ್ತು. ನೋಟಿಸ್ ನಾನೇ ಬರೆದೆ. "ದಿನಾಂಕ 1ರಿಂದ ಪಾಳಿಗಳ ವೇಳೆ 7ರಿಂದ 3, 3ರಿಂದ 11, 11ರಿಂದ 7." ಗೇಟಿಗೆ ಅಂಟಿಸಿದೆವು, ಗ್ರೂಪಿಗೂ ಹಾಕಿದೆವು. ಎಲ್ಲರೂ ಓದಿದ್ದರು.

ಆದರೆ ರಾತ್ರಿ ಪಾಳಿಗೆ ಎರಡು ತಾರೀಖು ಇರುತ್ತವೆ, ಅಲ್ವಾ? 31ರ ರಾತ್ರಿ ಶುರುವಾಗಿ 1ರ ಬೆಳಗ್ಗೆ ಮುಗಿಯುತ್ತದೆ. ಅದು ಹಳೇ ವೇಳೆಯೋ ಹೊಸದೋ, ನೋಟಿಸ್‌ನಲ್ಲಿ ಇರಲಿಲ್ಲ. ಪಾಳಿ ಶುರುವಾಗೋದು 31ಕ್ಕೆ, ಹಾಗಾಗಿ ಹಳೇ ವೇಳೆ ಅಂತ ಅರ್ಧ ಜನ 10ಕ್ಕೆ ಬಂದರು. ದುಡಿಯೋದೆಲ್ಲ ಹೆಚ್ಚುಕಡಿಮೆ 1ನೇ ತಾರೀಖಿಗೇ ಬರುತ್ತದೆ ಅಂತ ಉಳಿದವರು 11ಕ್ಕೆ ಬಂದರು. ಇಬ್ಬರ ಓದೂ ಸರಿಯೇ. ಎರಡನೇ ಪಾಳಿಯವರಿಗಂತೂ 31 ಅಂದರೆ ಹಳೇ ವೇಳೆಯೇ. 10 ಹೊಡೆದ ಕೂಡಲೇ ಖಾನಾಪುರ ಕಡೆಯ ಬಸ್ಸು ಹಿಡಿಯಲು ಹೊರಟರು.

ಆಗ ಇಂಡಕ್ಷನ್ ಫರ್ನೇಸಿನಲ್ಲಿ ಕಬ್ಬಿಣ ಕರಗಿ ನಿಂತಿತ್ತು. ಮೋಲ್ಡ್ ಸಿದ್ಧ, ಸುರಿಯಲು ಜನ ಸಾಲದು. ಕರಗಿದ ಕಬ್ಬಿಣವನ್ನು ಸುಮ್ನೆ ಹಿಡಿದಿಟ್ಟರೆ ಕರೆಂಟೂ ಸುಡುತ್ತದೆ, ಕಾರ್ಬನ್ ಕೂಡ ಇಳಿಯುತ್ತಾ ಹೋಗುತ್ತದೆ. ಪವರ್ ತೆಗೆದರೆ ಒಳಗೇ ಗಟ್ಟಿಯಾಗಿ ಫರ್ನೇಸಿನ ಒಳಪದರ, ಅಂದರೆ ಲೈನಿಂಗ್, ಹಾಳು. ಸೂಪರ್‌ವೈಸರ್ ಇದ್ದಷ್ಟು ಜನರನ್ನು ಕಟ್ಟಿಕೊಂಡು ಅದನ್ನೆಲ್ಲ ಬರೀ ಕಬ್ಬಿಣದ ಗಟ್ಟಿಗಳನ್ನು ಮಾಡುವ ಅಚ್ಚಿಗೆ ಸುರಿಸಿದರು. ಒಂದು ಹೀಟ್, ಅಂದರೆ ಒಂದು ಸಲಕ್ಕೆ ಕರಗಿಸಿದ ಕಬ್ಬಿಣವೆಲ್ಲ, ಹೋಯಿತು. ಬೆಳಗ್ಗೆ ಇನ್ನೊಂದು ತಾಪತ್ರಯ: 10ಕ್ಕೆ ಬಂದವರು 6ಕ್ಕೆ ಬಿಟ್ಟರು, ಮೊದಲ ಪಾಳಿ ಬಂದದ್ದು 7ಕ್ಕೆ.

ಸಂಬಳದ ದಿನ ಇದೇ ಗೊಂದಲ ಮತ್ತೆ ಎದ್ದಿತು. ಬಯೋಮೆಟ್ರಿಕ್ ಸಾಫ್ಟ್‌ವೇರಿನಲ್ಲೂ ಹೊಸ ವೇಳೆಯನ್ನು 1ರಿಂದ ಅಂತಲೇ ಹಾಕಿದ್ದೆವು. ಅದು ಒಳಬಂದ ಪಂಚಿನ ತಾರೀಖು ನೋಡಿ ಪಾಳಿ ಲೆಕ್ಕ ಹಾಕುತ್ತಿತ್ತು. 31ರ ರಾತ್ರಿ 11ಕ್ಕೆ ಬಂದವರೆಲ್ಲ ಒಂದು ಗಂಟೆ ಲೇಟ್, ಅರ್ಧ ದಿನ ಕಟ್. ಒಬ್ಬ ಹಿರಿಯ ಮೋಲ್ಡರ್ ಪಗಾರ ಚೀಟಿ ಹಿಡಿದುಕೊಂಡು ಬಂದು, "ಸರ್, ನೋಟೀಸನ್ಯಾಗ ಇದ್ದಂಗ ಬಂದೀನ್ರಿ, ನಂದೇನ್ ತಪ್ಪೈತ್ರಿ?" ಅಂದರು. ಅವರದು ಏನೂ ತಪ್ಪಿರಲಿಲ್ಲ. ಎಲ್ಲ ಕಟ್ ವಾಪಸ್ ಹಾಕಿಸಿದೆ.

ಹಾಗಾಗಿ ನನ್ನ ಮಾತು: ತಿಂಗಳ ಮೊದಲ ತಾರೀಖಿನ ಹಟ ಬಿಡಿ. ವಾರದ ರಜೆ ದಾಟಿಸಿ ಬದಲಿಸಿ. ರವಿವಾರ ರಜೆ ಇದ್ದರೆ ನೋಟಿಸ್ ಹೀಗಿರಲಿ:

"ಶನಿವಾರ ರಾತ್ರಿ 10ಕ್ಕೆ ಬಂದವರು ರವಿವಾರ ಬೆಳಗ್ಗೆ 6ಕ್ಕೆ, ಹಳೇ ವೇಳೆಯಂತೆಯೇ ಬಿಡುತ್ತಾರೆ. ಸೋಮವಾರ ಮೊದಲ ಪಾಳಿ ಬೆಳಗ್ಗೆ 7ಕ್ಕೆ, ಎರಡನೇ ಪಾಳಿ ಮಧ್ಯಾಹ್ನ 3ಕ್ಕೆ, ರಾತ್ರಿ ಪಾಳಿ ಸೋಮವಾರ ರಾತ್ರಿ 11ಕ್ಕೆ ಬರಬೇಕು."

ವಾರದ ಹೆಸರಿನ ಪಕ್ಕ ತಾರೀಖೂ ಹಾಕಿ. ಏಳೂ ದಿನ ನಡೆಯುವ ಫ್ಯಾಕ್ಟರಿಯಾದರೆ ಯಾವುದೋ ಒಂದು ಪಾಳಿಯವರು ಒಂಬತ್ತು ಗಂಟೆ ದುಡಿಯಲೇಬೇಕು. ಅದು ಯಾವ ಪಾಳಿ, ಎಷ್ಟಕ್ಕೆ ಬಂದು ಎಷ್ಟಕ್ಕೆ ಹೋಗಬೇಕು, ಆ ಹೆಚ್ಚಿನ ಗಂಟೆಗೆ ದುಡ್ಡೆಷ್ಟು, ಮೂರನ್ನೂ ಬರೆಯಿರಿ. ಆ ಪಾಳಿಯವರನ್ನು ನಿಲ್ಲಿಸಿಕೊಂಡು ಮುಖಾಮುಖಿ ಹೇಳಿ.

ಇನ್ನು ವಾಟ್ಸಾಪ್ ಪ್ರಶ್ನೆ. ಕಾರ್ಮಿಕರ ಕೆಲಸದ ವೇಳೆ ಬದಲಿಸಬೇಕಾದರೆ 21 ದಿನ ಮೊದಲು ನೋಟಿಸ್ ಕೊಡಬೇಕು. 1947ರ ಕೈಗಾರಿಕಾ ವಿವಾದ ಕಾಯ್ದೆಯ 9ಎ ಕಲಮಿನಲ್ಲಿದ್ದ ಈ ಮಾತು 2020ರ ಕೈಗಾರಿಕಾ ಸಂಬಂಧ ಸಂಹಿತೆಯ 40ನೇ ಕಲಮಿನಲ್ಲೂ ಇದೆ. ಅದನ್ನು ಗ್ರೂಪಿನ ಮೆಸೇಜಿಗೆ ನಂಬಿ ಬಿಡಬೇಡಿ. ಕಂತ್ರಾಟು ಕಾರ್ಮಿಕರು ಆ ಗ್ರೂಪಿನಲ್ಲಿ ಇರೋದೂ ಕಡಿಮೆ. ಗೇಟಿನ ಬೋರ್ಡಿನಲ್ಲಿ ಕಾಗದ ಇರಲಿ, ಬೆಳಗಾವಿ ಕಡೆಯಾದರೆ ಕನ್ನಡದ ಜೊತೆ ಮರಾಠಿಯಲ್ಲೂ ಇರಲಿ. ಮೆಸೇಜು ನೆನಪಿಸೋಕೆ ಮಾತ್ರ.

ಈ 21 ದಿನಗಳ ಕೆಲಸ ನಿಮಗೆ ಬೇರೆಯೇ ಇದೆ. ರಾತ್ರಿ 11ಕ್ಕೆ ಬಿಟ್ಟವರಿಗೆ ಊರಿಗೆ ಬಸ್ಸಿದೆಯಾ ಅಂತ ಒಬ್ಬೊಬ್ಬರನ್ನೇ ಕೇಳಿ. ಇಲ್ಲ ಅಂದವರ ಪಟ್ಟಿ ಮಾಡಿ, ವಾಹನ ಗೊತ್ತು ಮಾಡುವವರೆಗೂ ಅವರನ್ನು ಎರಡನೇ ಪಾಳಿಗೆ ಹಾಕಬೇಡಿ.