ಬೋರ್ಡ್‌ನಲ್ಲಿ ಒಂದು ದರ, ರಸೀದಿಯಲ್ಲಿ ಇನ್ನೊಂದು

"ಹಣ ಬದಲಾಯಿಸಿಕೊಡುವವರು ಬೋರ್ಡ್‌ನಲ್ಲಿ ಹಾಕಿದ್ದ ದರ ಬಿಟ್ಟು ಬೇರೆ ದರ ಹಿಡಿದರು. ದೂರು ಪತ್ರ ಹೇಗೆ ಬರೆಯಲಿ?"

ಮೊದಲು ಒಂದು ಭಾಗಾಕಾರ ಮಾಡಿ. ಕೈಗೆ ಬಂದ ಹಣವನ್ನು ನೀವು ಕೊಟ್ಟ ಹಣದಿಂದ ಭಾಗಿಸಿದರೆ ನಿಮಗೆ ನಿಜವಾಗಿ ಸಿಕ್ಕಿದ ದರ ಗೊತ್ತಾಗುತ್ತದೆ.

ನಾನು 500 ಯೂರೋ ಕೊಟ್ಟು ಡಾಲರ್ ತಗೊಂಡಿದ್ದೆ. ಬೋರ್ಡ್‌ನಲ್ಲಿ 1.08 ಇತ್ತು, ಅಂದರೆ 540 ಬರಬೇಕು. ಬಂದಿದ್ದು 510. ಭಾಗಿಸಿದರೆ 1.02.

ಇಲ್ಲಿ ಎರಡು ವಿಷಯ ನೋಡಲೇಬೇಕು. ಒಂದು, ನೀವು ಓದಿದ್ದು ಸರಿಯಾದ ಕಾಲಮ್ಮಾ ಅಂತ. ನಿಮ್ಮ ನೋಟನ್ನು ಅವರು ಕೊಳ್ಳುವ ದರ ಬೇರೆ, ಅದೇ ನೋಟನ್ನು ಬೇರೆಯವರಿಗೆ ಮಾರುವ ದರ ಬೇರೆ. ಮಾರುವ ದರವನ್ನೇ ನೋಡಿಕೊಂಡು ಜಗಳಕ್ಕೆ ಹೋಗುವವರು ಬೇಕಾದಷ್ಟು ಜನ ಇದ್ದಾರೆ. ಇನ್ನೊಂದು ಕಮಿಷನ್. ರಸೀದಿಯಲ್ಲಿ ದರ 1.08 ಅಂತಲೇ ಇದ್ದು 30 ಡಾಲರ್ ಕಮಿಷನ್ ಅಂತ ಕಳೆದಿದ್ದರೆ ದರ ಬೇರೆ ಹಿಡಿದರು ಅಂತ ದೂರಲು ಬರುವುದಿಲ್ಲ. ಕಮಿಷನ್ ಇದೆ ಅಂತ ಮೊದಲೇ ಹೇಳಲಿಲ್ಲ ಅಂತ ಬರೆಯಬೇಕಾಗುತ್ತದೆ. ನನ್ನ ರಸೀದಿಯಲ್ಲಿ ದರದ ಮುಂದೆ 1.02 ಅಂತಲೇ ಇತ್ತು, ಕಮಿಷನ್ ಸೊನ್ನೆ.

ನಾನು ಮೊದಲು ಬರೆದ ಪತ್ರ ಬರೀ ಸಿಟ್ಟು. ಮೋಸ, ಲೂಟಿ, ಇನ್ನೂ ಏನೇನೋ. ಉತ್ತರವೇ ಬರಲಿಲ್ಲ. ಎರಡನೆಯದನ್ನು ಕೌಂಟರ್‌ಗೆ ಕೊಡದೆ ಅವರ ಮುಖ್ಯ ಕಚೇರಿಗೆ ಕಳಿಸಿದೆ. ಅದರಲ್ಲಿದ್ದದ್ದು ಇಷ್ಟೇ:

"ಈ ದಿನ, ಇಷ್ಟು ಗಂಟೆಗೆ, ಈ ಸಂಖ್ಯೆಯ ರಸೀದಿಯಂತೆ ನಿಮ್ಮ ಕೌಂಟರ್‌ನಲ್ಲಿ 500 ಯೂರೋ ಕೊಟ್ಟೆ. ಯೂರೋ ಕೊಳ್ಳುವ ದರ 1.08 ಎಂದು ಬೋರ್ಡ್‌ನಲ್ಲಿತ್ತು. ರಸೀದಿಯಲ್ಲಿ 1.02 ಹಾಕಿದ್ದೀರಿ. ಬೇರೆ ದರ ಅನ್ವಯಿಸುತ್ತದೆ ಎಂದು ಹಣ ಕೊಡುವ ಮೊದಲು ಯಾರೂ ಹೇಳಲಿಲ್ಲ. ವ್ಯತ್ಯಾಸದ 30 ಡಾಲರ್ ಅನ್ನು 14 ದಿನದೊಳಗೆ ಹಿಂದಿರುಗಿಸಿ, ಇಲ್ಲವೇ ಕಾರಣವನ್ನು ಬರಹದಲ್ಲಿ ತಿಳಿಸಿ. ರಸೀದಿಯ ಪ್ರತಿ ಮತ್ತು ಬೋರ್ಡ್‌ನ ಫೋಟೋ ಲಗತ್ತಿಸಿದ್ದೇನೆ."

ಅವರು ಬರೆದ ಉತ್ತರ ನಾನು ಅಂದುಕೊಂಡ ಹಾಗೇ ಇತ್ತು: 1.08 ದರ 1000 ಯೂರೋ ಮೇಲಿನವರಿಗೆ, ಬೋರ್ಡ್‌ನ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿದೆ. ಅದೃಷ್ಟಕ್ಕೆ ಹೆಂಡತಿಗೆ ದರ ತೋರಿಸೋಣ ಅಂತ ಸುಮ್ನೆ ತೆಗೆದಿದ್ದ ಫೋಟೋದಲ್ಲಿ ಬೋರ್ಡ್ ಪೂರ್ತಿ ಬಂದಿತ್ತು, ಕೆಳಗಿನ ಅಂಚಿನವರೆಗೂ, ಅಲ್ಲಿ ಒಂದಕ್ಷರವೂ ಇರಲಿಲ್ಲ. ಬರೀ ಆ ಒಂದು ಸಾಲಿನ ಫೋಟೋ ಇದ್ದಿದ್ದರೆ ನಾನು ಸೋಲುತ್ತಿದ್ದೆ. ಫೋಟೋವನ್ನು ಇನ್ನೊಮ್ಮೆ ಕಳಿಸಿ, ಆ ಬರಹ ಇದರಲ್ಲಿ ಎಲ್ಲಿದೆ ತೋರಿಸಿ ಅಂತ ಕೇಳಿದ ಮೇಲೆ 30 ಡಾಲರ್ ವಾಪಸ್ ಬಂತು.

ನಿಮ್ಮ ಹತ್ತಿರ ಫೋಟೋ ಇಲ್ಲದಿದ್ದರೆ ಆ ಸಮಯಕ್ಕೆ ಬೋರ್ಡ್‌ನಲ್ಲಿದ್ದ ದರದ ದಾಖಲೆ ಕೊಡಿ ಅಂತ ಪತ್ರದಲ್ಲೇ ಕೇಳಿ. ಜೊತೆಯಲ್ಲಿ ಯಾರಾದರೂ ಇದ್ದರೆ ಅದನ್ನೂ ಬರೆಯಿರಿ. ಅಸಲಿ ರಸೀದಿ ಮಾತ್ರ ಕಳಿಸಬೇಡಿ, ಪ್ರತಿ ಸಾಕು. ಉತ್ತರ ಬರದಿದ್ದರೆ ಇದೇ ಪತ್ರವನ್ನು ಅವರಿಗೆ ಲೈಸೆನ್ಸ್ ಕೊಟ್ಟ ಕಚೇರಿಗೆ ಕಳಿಸಬಹುದು, ಹೊಸದಾಗಿ ಬರೆಯುವ ಕೆಲಸ ಇರುವುದಿಲ್ಲ.