ಮೂವರು ಬರೆದರೂ ಒಂದೇ ಅಂಗಡಿಯ ಮಾತು ಅನ್ನಿಸಬೇಕಾದರೆ

ಪ್ರಶ್ನೆ: ಕಲಬುರಗಿಯಲ್ಲಿ ನಮ್ಮದು ತೊಗರಿ ಬೇಳೆ ವ್ಯಾಪಾರ. ನಮ್ಮ ಪೇಜಿಗೆ ಮೂವರು ಪೋಸ್ಟ್ ಹಾಕ್ತಾರೆ. ಓದಿದರೆ ಮೂರು ಬೇರೆ ಅಂಗಡಿ ಅನ್ನಿಸುತ್ತೆ. "ಸ್ನೇಹಮಯ, ನಂಬಿಕಸ್ಥ, ಆಧುನಿಕ" ಅಂತ ಗೈಡ್ ಬರೆದು ಎಲ್ಲರಿಗೂ ಕೊಟ್ಟೆ. ಏನೂ ಬದಲಾಗಲಿಲ್ಲ. ಇನ್ನೇನು ಬರೀಬೇಕು?

ಮೊದಲು ಆ ಹಾಳೆಯನ್ನು ಪಕ್ಕಕ್ಕಿಡಿ. ಇದೇ ಮೂರು ಪದ ಬರೆದುಕೊಂಡು ಇದೇ ಪ್ರಶ್ನೆ ಕೇಳುವವರು ತುಂಬಾ ಜನ. ನಿಮ್ಮ ಮೂವರಲ್ಲಿ ಯಾರನ್ನು ಕೇಳಿದರೂ "ನಾನು ಸ್ನೇಹದಿಂದಲೇ ಬರೆಯುತ್ತೇನೆ" ಅನ್ನುತ್ತಾರೆ. ಅವರು ಹೇಳುವುದು ನಿಜವೇ. ಗುಣ ಹೇಳುವ ಪದದಿಂದ ಯಾರಿಗೂ ವಾಕ್ಯ ಬರೆಯಲು ಬರುವುದಿಲ್ಲ. ಯಾವ ಕ್ರಿಯಾಪದ, ಯಾವ ಸಂಬೋಧನೆ, ಯಾವ ಪದ ಬೇಡ ಅಂತ ನೀವು ತೀರ್ಮಾನ ಮಾಡಿ ಕೊಡಬೇಕು.

ತೀರ್ಮಾನ ಎಲ್ಲೆಲ್ಲಿ ಬೇಕು ಅಂತ ತಿಳಿಯಲು ಹಳೆಯ ಪೋಸ್ಟುಗಳೇ ಸಾಕು. ಕಳೆದ 30 ಪೋಸ್ಟುಗಳ ಬರಹವನ್ನಷ್ಟೇ ಪ್ರಿಂಟ್ ತೆಗೆಯಿರಿ, ಫೋಟೊ ಬೇಡ. ಒಂದೇ ವಿಷಯದ ಮೇಲೆ ಮೂವರೂ ಬರೆದದ್ದನ್ನು ಪಕ್ಕಪಕ್ಕ ಇಡಿ. ಜನವರಿಯಲ್ಲಿ ಹೊಸ ಬೆಳೆ ಬಂದಾಗ ಇಂಥ ಅಂಗಡಿಗಳ ಪೋಸ್ಟು ಸಾಮಾನ್ಯವಾಗಿ ಹೀಗಿರುತ್ತದೆ:

"ಆತ್ಮೀಯ ಗ್ರಾಹಕರೇ, ಉತ್ಕೃಷ್ಟ ಗುಣಮಟ್ಟದ ನೂತನ ತೊಗರಿ ಬೇಳೆ ನಮ್ಮಲ್ಲಿ ಲಭ್ಯವಿರುತ್ತದೆ."

"ಬರ್ರಿ ಬರ್ರಿ!!! ಹೊಸಾ ಬ್ಯಾಳಿ ಬಂದೈತಿ ನೋಡ್ರಿ!!!"

"ಹಾಯ್ ಗೈಸ್, ನ್ಯೂ ಸ್ಟಾಕ್ ಬಂದಿದೆ, ರೇಟ್‌ಗೆ ಡಿಎಂ ಮಾಡಿ."

ಈಗ ಎಲ್ಲಿ ಬೇರೆಯಾಗಿದೆ ಅಂತ ಗುರುತು ಹಾಕಿ. ಓದುಗರನ್ನು ಕರೆದ ರೀತಿ, ಆಡುಮಾತಿನ ಪ್ರಮಾಣ, ಇಂಗ್ಲಿಷ್ ಪದಗಳು, ಆಶ್ಚರ್ಯಸೂಚಕ ಚಿಹ್ನೆ, ಸರಕಿನ ಹೆಸರು. ನಿಯಮ ಬೇಕಾಗಿರುವುದು ಇಷ್ಟಕ್ಕೇ. ಮೂವರೂ ಈಗಾಗಲೇ ಒಂದೇ ಥರ ಬರೆಯುವುದಕ್ಕೆ ನಿಯಮ ಬರೆದು ಹಾಳೆ ತುಂಬಿಸಬೇಡಿ. ಅಂಥ ಗೈಡನ್ನು ಯಾರೂ ತೆರೆದು ನೋಡುವುದಿಲ್ಲ.

ನಮ್ಮ ಭಾಗದಲ್ಲಿ ಎಲ್ಲಕ್ಕಿಂತ ಕಷ್ಟದ ತೀರ್ಮಾನ ಆಡುಮಾತಿನದು. ಎರಡನೆಯ ಪೋಸ್ಟಿನ "ಬಂದೈತಿ" ನೋಡಿ. ಅದು ಹುಬ್ಬಳ್ಳಿ ಕಡೆಯ ರೂಪ. ಕಲಬುರಗಿಯವರು "ಬಂದದ" ಅನ್ನುತ್ತಾರೆ. ರೀಲ್ಸ್ ನೋಡಿ "ಉತ್ತರ ಕರ್ನಾಟಕದ ಭಾಷೆ" ಅಂತ ಬರೆದರೆ ಊರಿನವರಿಗೆ ತಕ್ಷಣ ಗೊತ್ತಾಗುತ್ತದೆ, ನಂಬಿಕೆ ಅಲ್ಲೇ ಸಡಿಲವಾಗುತ್ತದೆ. ಇಡೀ ಪೋಸ್ಟನ್ನು ಆಡುಮಾತಿನಲ್ಲಿ ಬರೆಯುವುದೂ ಬೇಡ. ಒಬ್ಬರು "ಬಂದದ" ಬರೆದರೆ ಇನ್ನೊಬ್ಬರು "ಬಂದಾದ" ಬರೆಯುತ್ತಾರೆ. ಬೆಂಗಳೂರಿನಿಂದ ಬೇಳೆ ತರಿಸುವ ಗಿರಾಕಿ ಓದಲು ತಡವರಿಸುತ್ತಾರೆ. ನಾನಾದರೆ ಹೀಗೆ ಇಡುತ್ತೇನೆ: ಮಾಹಿತಿಯೆಲ್ಲ ಸರಳ ಬರಹದ ಕನ್ನಡದಲ್ಲಿ, ಕರೆಯುವ ಒಂದು ವಾಕ್ಯದಲ್ಲಿ ಮಾತ್ರ "ರಿ". ಒಂದು ಪೋಸ್ಟಿಗೆ ಒಂದೇ ಸಲ.

ಸರಕಿನ ಹೆಸರು ಯಾವಾಗಲೂ "ತೊಗರಿ ಬೇಳೆ", ಬ್ಯಾಳಿ ಅಲ್ಲ. ಜನ ಹುಡುಕುವುದು ಆ ಹೆಸರಿನಿಂದ. ಅಂಗಡಿ ತನ್ನನ್ನು "ನಾವು" ಅಂತ ಹೇಳಿಕೊಳ್ಳಲಿ. "ಗ್ರಾಹಕರೇ"ಯೂ ಬೇಡ, "ಗೈಸ್" ಕೂಡ ಬೇಡ, ನೇರವಾಗಿ ವಿಷಯಕ್ಕೆ ಬನ್ನಿ. "ಉತ್ಕೃಷ್ಟ", "ಅತ್ಯುತ್ತಮ" ಅನ್ನುವ ಜಾಗದಲ್ಲಿ ಪರೀಕ್ಷಿಸಬಹುದಾದ ಒಂದು ಸಂಗತಿ ಇರಲಿ. ಆಗ ಅದೇ ಪೋಸ್ಟು ಹೀಗಾಗುತ್ತದೆ:

"ಈ ವರ್ಷದ ತೊಗರಿ ಬೇಳೆ ಬಂದಿದೆ. ಆಳಂದ, ಚಿತ್ತಾಪುರ ಕಡೆಯ ತೊಗರಿ. ಪಾಲಿಶ್ ಮಾಡಿಲ್ಲ. 1 ಕೆಜಿ ಮತ್ತು 5 ಕೆಜಿ ಚೀಲದಲ್ಲಿ ಸಿಗುತ್ತದೆ. ಒಮ್ಮೆ ಬಂದು ನೋಡ್ರಿ."

ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಜಿಐ ಟ್ಯಾಗ್ ಸಿಕ್ಕಿದೆ ಅಂತ ಯಾರಾದರೂ ಉತ್ಸಾಹದಿಂದ ಪ್ರತಿ ಪೋಸ್ಟಿಗೂ ಜಿಐ ಅಂತ ಸೇರಿಸಿಯಾರು. ನಿಮ್ಮ ಬೇಳೆಯನ್ನು ಜಿಐ ಅಂತ ಮಾರಲು ನೀವು ಅಧಿಕೃತ ಬಳಕೆದಾರರಾಗಿ ನೋಂದಣಿ ಆಗಿರಬೇಕು. ಆಗಿಲ್ಲದಿದ್ದರೆ ಹಾಕಬಾರದು ಅಂತ ಗೈಡಿನಲ್ಲಿ ಸ್ಪಷ್ಟವಾಗಿ ಬರೆಯಿರಿ. ಈ ವಿಷಯದಲ್ಲಿ ನಾನು ಸ್ವಲ್ಪ ಜಾಸ್ತಿಯೇ ಬಿಗಿ.

ಇನ್ನು ಬರೆಯುವ ವಿಧಾನ. ಎಡಗಡೆ "ಹೀಗೆ ಬೇಡ", ಮಧ್ಯದಲ್ಲಿ "ಹೀಗೆ ಬರೆಯಿರಿ", ಬಲಗಡೆ ಒಂದು ಸಾಲಿನ ಕಾರಣ. ಎಡಗಡೆಯ ಉದಾಹರಣೆ ನಿಮ್ಮ ಪೇಜಿನದ್ದೇ ಆಗಿರಲಿ. ಕಾರಣ ಬಿಡಬೇಡಿ. ಗೈಡಿನಲ್ಲಿ ಇಲ್ಲದ ಸಂದರ್ಭ ಬಂದಾಗ ಬರೆಯುವವರು ಹಿಡಿದುಕೊಳ್ಳುವುದು ಕಾರಣವನ್ನೇ. ಹೀಗೆ ಎರಡು ಪುಟ ತುಂಬಿದರೆ ಸಾಕು.

ಆಮೇಲೆ ಸಂದರ್ಭಗಳು. ದನಿ ಬದಲಾಗಬಾರದು, ಆದರೆ ಸಂದರ್ಭಕ್ಕೆ ತಕ್ಕಂತೆ ಧಾಟಿ ಬದಲಾಗಲೇಬೇಕು. ಬೇಳೆಯಲ್ಲಿ ಹುಳ ಬಂದಿದೆ ಅಂತ ಗಿರಾಕಿ ಕಮೆಂಟ್ ಹಾಕಿದ್ದಾರೆ ಅಂದುಕೊಳ್ಳಿ. "ನಮ್ಮಲ್ಲಿ ಹಂಗ ಆಗಂಗಿಲ್ರಿ" ಅಂದರೆ ಅದು ತಮಾಷೆಯ ಹಾಗೆ ಕೇಳುತ್ತದೆ. ದೂರಿಗೆ "ರಿ" ಬೇಡ, ಇಮೋಜಿ ಬೇಡ, ರಿಯಾಯಿತಿಯ ಮಾತು ಬೇಡ. "ಹೀಗಾಗಬಾರದಿತ್ತು. ಚೀಲದ ಮೇಲಿನ ಪ್ಯಾಕಿಂಗ್ ದಿನಾಂಕದ ಫೋಟೊ ಕಳಿಸಿ. ನಾಳೆ ಸಂಜೆಯೊಳಗೆ ಬೇರೆ ಚೀಲ ಕೊಡುತ್ತೇವೆ." ದರ ಏರಿದಾಗ, ಮಾಲು ಮುಗಿದಾಗ, ಅಂಗಡಿ ರಜೆ ಇದ್ದಾಗ ಏನು ಬರೆಯಬೇಕು ಅನ್ನುವುದಕ್ಕೂ ಒಂದೊಂದು ಮಾದರಿ ಇರಲಿ.

ಕೊನೆಗೆ ಪರೀಕ್ಷೆ. ಇದನ್ನು ಎಲ್ಲರೂ ಬಿಟ್ಟುಬಿಡುತ್ತಾರೆ, ಆಮೇಲೆ ಗೈಡ್ ಕೆಲಸ ಮಾಡಲಿಲ್ಲ ಅಂತಾರೆ. ಎಳ್ಳ ಅಮಾವಾಸ್ಯೆಗೆ ಅಂಗಡಿ ಮಧ್ಯಾಹ್ನದವರೆಗೆ ಮಾತ್ರ ಅನ್ನುವಂಥ ಒಂದು ಸಂಗತಿ ಕೊಟ್ಟು ಮೂವರಿಂದಲೂ ಬೇರೆಬೇರೆಯಾಗಿ ಬರೆಸಿ. ಹೆಸರು ತೆಗೆದು, ಪೋಸ್ಟ್ ಬರೆಯದ ಬಿಲ್ಲಿಂಗ್‌ನವರ ಕೈಗೆ ಕೊಡಿ. ಯಾರದು ಯಾವುದು ಅಂತ ಅವರು ಸರಿಯಾಗಿ ಹೇಳಿಬಿಟ್ಟರೆ, ಹೇಗೆ ಗೊತ್ತಾಯಿತು ಅಂತ ಕೇಳಿ. "ಇವರು ಯಾವಾಗಲೂ ಮೂರು ಚುಕ್ಕಿ ಇಡ್ತಾರೆ" ಅಂದರೆ ಗೈಡಿಗೆ ಸೇರಬೇಕಾದ ಮುಂದಿನ ಸಾಲು ಅದೇ. ಬೇರೆ ಸಂಗತಿ ಕೊಟ್ಟು ಮತ್ತೆ ಮಾಡಿ, ಅವರು ತಡಕಾಡುವವರೆಗೆ. ಮೂರು ವಾಕ್ಯಗಳು ಅಕ್ಷರಕ್ಷರ ಒಂದೇ ಆಗಬೇಕಿಲ್ಲ. ಯಾರದು ಅಂತ ಗೊತ್ತಾಗದಿದ್ದರೆ ಸಾಕು.

ಈ ತೀರ್ಮಾನಗಳನ್ನು ಮತ ಹಾಕಿ ಮಾಡಬೇಡಿ. ಮೂವರ ಮಾತು ಕೇಳಿ, ಆದರೆ ಕೊನೆಗೆ ಒಬ್ಬರೇ ಹೇಳಬೇಕು, ಗೈಡ್ ತಿದ್ದುವ ಹಕ್ಕೂ ಅವರೊಬ್ಬರಿಗೇ ಇರಬೇಕು.

ಪ್ರಶ್ನೆ: ಗೈಡ್ ಯಾಕೆ, ಎಲ್ಲ ಪೋಸ್ಟನ್ನೂ ಒಬ್ಬರೇ ತಿದ್ದಿದರೆ ಆಗಲ್ವಾ?

ಆ ಒಬ್ಬರು ರಜೆ ಹಾಕಿದ ದಿನ ತಿಳಿಯುತ್ತದೆ.

ಪ್ರಶ್ನೆ: ಫೇಸ್‌ಬುಕ್‌ಗೆ ಗಂಭೀರವಾಗಿ, ಇನ್‌ಸ್ಟಾಗ್ರಾಮ್‌ಗೆ ಜಾಲಿಯಾಗಿ ಬರೀಬೇಕಂತೆ, ಹೌದಾ?

ಇಲ್ಲ. ಉದ್ದ ಬದಲಾಗಲಿ, ದನಿ ಅಲ್ಲ. ಎರಡೂ ಕಡೆ ನಿಮ್ಮನ್ನು ನೋಡುವ ಗಿರಾಕಿ ಒಬ್ಬರೇ.

ಪ್ರಶ್ನೆ: ಬೀದರಿನಲ್ಲಿ ಬಿದರಿ ಕಲೆಯ ಅಂಗಡಿ ನಮ್ಮದು. 60 ಪುಟದ ಬ್ರ್ಯಾಂಡ್ ಗೈಡ್ ಮಾಡಿಕೊಡ್ತೀವಿ ಅಂತ ಒಬ್ಬರು ಬಂದಿದ್ದಾರೆ. ಕೊಡಬಹುದಾ?

ದುಡ್ಡು ಕೊಡುವ ಮೊದಲು ನಿಮ್ಮ ಹತ್ತು ಹಳೆಯ ಪೋಸ್ಟನ್ನು ಕನ್ನಡದಲ್ಲೇ ತಿದ್ದಿ ತೋರಿಸಲು ಹೇಳಿ. "ನಿಮ್ಮ ಬ್ರ್ಯಾಂಡ್ ಒಬ್ಬ ವ್ಯಕ್ತಿಯಾಗಿದ್ದರೆ ಯಾರು?" ಅಂತ ಕೇಳಿ ಪುಟ ತುಂಬಿಸುವವರು ಸತು, ತಾಮ್ರ, ಬೆಳ್ಳಿ ತಂತಿ, ಕೋಟೆಯ ಮಣ್ಣಿನ ಬಗ್ಗೆ ನಾಲ್ಕು ನೇರ ಸಾಲು ಬರೆಯಲಾರರು. ಇಂಗ್ಲಿಷ್ ಗೈಡಿನ ಹೆಸರು ಬದಲಿಸಿ ಮಾರುವ ಈ ದಂಧೆ ನೋಡಿದರೆ ನನಗೆ ಸಿಟ್ಟು ಬರುತ್ತದೆ.

ಪ್ರಶ್ನೆ: ಹಬ್ಬದ ಶುಭಾಶಯಕ್ಕೂ ನಿಯಮ ಬೇಕಾ?

ಬೇಕು. ಶರಣಬಸವೇಶ್ವರ ಜಾತ್ರೆಗೆ ಐದು ಸಾಲು, ಬಂದೇನವಾಜರ ಉರುಸಿಗೆ ಒಂದು ಸ್ಟಿಕ್ಕರ್ ಹಾಕಿದರೆ ಊರು ಗಮನಿಸುತ್ತದೆ. ಎಲ್ಲ ಹಬ್ಬಕ್ಕೂ ಎರಡೇ ಸಾಲು, ಅದರಲ್ಲಿ ಮಾರಾಟದ ಮಾತು ಇರಬಾರದು.

ಪ್ರಶ್ನೆ: ಪೋಸ್ಟಿನಲ್ಲಿ ಗುಲ್ಬರ್ಗ ಅಂತ ಬರೆಯಬಹುದಾ?

2014ರ ನವೆಂಬರ್ 1ರಿಂದ ಊರಿನ ಅಧಿಕೃತ ಹೆಸರು ಕಲಬುರಗಿ, ಬರಹದಲ್ಲಿ ಅದೇ ಇರಲಿ. ಹೊರಗಿನವರು ಹಳೆಯ ಹೆಸರಿನಿಂದ ಹುಡುಕಿದರೂ ಸಿಗಬೇಕು ಅಂದರೆ ಹ್ಯಾಷ್‌ಟ್ಯಾಗಿನಲ್ಲಿ ಅದನ್ನೂ ಸೇರಿಸಿ.