ಜಾತಿ ಹಿಡಿದು ಬೈದಾಗ ಜವಾನರು ದೂರು ಕೊಡುವ ಬಗೆ

ನಮ್ಮ ಸರ್ಕಾರಿ ಶಾಲೆಯ ಮುಖ್ಯೋಪಾಧ್ಯಾಯರು ಜವಾನರನ್ನು ಜಾತಿ ಹಿಡಿದು ಬೈಯುತ್ತಾರೆ. ದೂರು ಎಲ್ಲಿ ಕೊಡಬೇಕು?

ಜವಾನರು ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿದ್ದು, ಬೈದವರು ಆ ವರ್ಗದವರಲ್ಲದಿದ್ದರೆ, 1989ರ ದೌರ್ಜನ್ಯ ತಡೆ ಕಾಯ್ದೆಯಡಿ ನೇರವಾಗಿ ಪೊಲೀಸ್ ಠಾಣೆಗೆ ದೂರು ಕೊಡಬಹುದು. ಎಫ್‌ಐಆರ್‌ಗೆ ಮುನ್ನ ಪ್ರಾಥಮಿಕ ವಿಚಾರಣೆ ಬೇಕಿಲ್ಲ. ಆದರೆ ಮಾತು ಸಾರ್ವಜನಿಕರ ಕಣ್ಣೆದುರು ಆಡಿದ್ದಾಗಿರಬೇಕು. ಹೊರಗಿನವರು ಯಾರೂ ಇಲ್ಲದ, ಬಾಗಿಲು ಹಾಕಿದ ಕೊಠಡಿಯಲ್ಲಿ ಆಡಿದ್ದು ಈ ಕಾಯ್ದೆಯ ಜಾತಿನಿಂದನೆ ಕಲಮಿನಡಿ ನಿಲ್ಲುವುದು ಕಷ್ಟ. ಆದ್ದರಿಂದ ‘ಅವಮಾನಿಸಿದರು’ ಎಂದಷ್ಟೇ ಬರೆಯದೆ, ‘ಸೋಮವಾರ ಬೆಳಿಗ್ಗೆ 10.20ಕ್ಕೆ, ಪ್ರಾರ್ಥನೆ ಮುಗಿದ ಮೇಲೆ ಅಂಗಳದಲ್ಲಿ’ ಎಂದು ಹೇಳಿ, ಆಡಿದ ಮಾತನ್ನು (ಬರೆಯಲು ನಾಚಿಕೆಯಾದರೂ) ಹಾಗೆಯೇ, ಕೇಳಿಸಿಕೊಂಡ ಪೋಷಕರ ಹೆಸರಿನೊಂದಿಗೆ ದಾಖಲಿಸಿ. ಠಾಣೆಯಲ್ಲಿ ದಾಖಲಿಸಿಕೊಳ್ಳದಿದ್ದರೆ ಅದನ್ನೇ ಅಂಚೆಯಲ್ಲಿ ಎಸ್‌ಪಿಗೆ ಕಳುಹಿಸಬಹುದು. ಜಾತಿಯ ಮಾತಿಲ್ಲದ ಬೈಗುಳವಾದರೆ ಕ್ಷೇತ್ರ ಶಿಕ್ಷಣಾಧಿಕಾರಿಗೆ ಲಿಖಿತ ದೂರು ಕೊಟ್ಟು, ನಕಲಿನ ಮೇಲೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ.